‘ಹಲೋ ಸರ್’ ಅಂತ ಬಂತು, ಮುಂದೇನು ಬರೆಯಬೇಕು?

ಪರದೇಶದಲ್ಲಿ ಕೆಲಸ ಹುಡುಕುತ್ತಿರುವವರು ಸಹಾಯ ಕೇಳಿ ನಿಮಗೆ ಕಳಿಸುವ ಮೊದಲ ಮೆಸೇಜ್ ಬಹಳ ಸಲ ‘ಹಲೋ ಸರ್’ ಅಷ್ಟೇ. ಆಮೇಲೆ ಸದ್ದಿಲ್ಲ. ನೀವು ‘ಏನಾಗಬೇಕಿತ್ತು?’ ಅಂತ ಕೇಳುತ್ತೀರಿ, ಅವರು ‘ಯಾವ ಕೆಲಸ ಆದ್ರೂ ಪರವಾಗಿಲ್ಲ’ ಅನ್ನುತ್ತಾರೆ, ನೀವು ‘ಸಿವಿ ಕಳಿಸಿ, ನೋಡೋಣ’ ಅನ್ನುತ್ತೀರಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಅಳುಕಿರುವವರಿಗೆ ದೊಡ್ಡ ಪ್ರಶ್ನೆ ಕೇಳಿದರೆ ಉತ್ತರ ಹೊರಡುವುದಿಲ್ಲ. ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಸಣ್ಣ ಪ್ರಶ್ನೆ ಕೇಳಿ.

ಮೊದಲ ಪ್ರಶ್ನೆ ಕೆಲಸದ ಪರವಾನಗಿಯದು. ಕಂಪನಿಯವರೂ ಮೊದಲು ನೋಡುವುದು ಇದನ್ನೇ, ಮಿಕ್ಕ ಮಾತೆಲ್ಲ ಆಮೇಲೆ.

– ಹಲೋ ಸರ್.
– ಹಲೋ. ನೀವಿರುವ ದೇಶದಲ್ಲಿ ಕೆಲಸ ಮಾಡಲು ನಿಮಗೆ ಈಗ ಅನುಮತಿ ಇದೆಯಾ?
– ಇದೆ ಸರ್. ಓದು ಮುಗೀತು, ಈಗ ಕೆಲಸದ ವೀಸಾ ಸಿಕ್ಕಿದೆ. ಪಾಸ್‌ಪೋರ್ಟ್ ಫೋಟೊ ಕಳಿಸಲಾ?
– ಬೇಡ ಬೇಡ. ಯಾವ ತಿಂಗಳವರೆಗೆ ಇದೆ, ವಾರಕ್ಕೆ ಇಷ್ಟೇ ಗಂಟೆ ಅಂತೇನಾದ್ರೂ ಮಿತಿ ಇದೆಯಾ, ಅಷ್ಟು ಹೇಳಿ ಸಾಕು.
– ಮುಂದಿನ ವರ್ಷ ಜೂನ್‌ವರೆಗೆ. ಗಂಟೆಯ ಮಿತಿ ಇಲ್ಲ.

ಇಲ್ಲಿ ಎರಡು ವಿಷಯ ಗೊತ್ತಾಯಿತು. ಈಗಲೇ ಕೆಲಸಕ್ಕೆ ಸೇರಬಹುದು, ಆದರೆ ಜೂನ್ ಆದಮೇಲೂ ಉಳಿಯಬೇಕಾದರೆ ಕಂಪನಿಯೇ ವೀಸಾ ಹೊಣೆ ಹೊರಬೇಕಾಗಬಹುದು. ಇದನ್ನು ಮುಚ್ಚಿಟ್ಟರೆ ಆಫರ್ ಹೊತ್ತಿಗೆ ಹೇಗೂ ಹೊರಬರುತ್ತದೆ, ಆಗ ಎರಡೂ ಕಡೆ ಮುಜುಗರ. ಪಾಸ್‌ಪೋರ್ಟ್ ಪ್ರತಿ ಮಾತ್ರ ನಿಮ್ಮ ಫೋನಿಗೆ ಬರಲೇಬಾರದು. ಅದರಿಂದ ನಿಮಗೇನೂ ಉಪಯೋಗವಿಲ್ಲ, ಕೈತಪ್ಪಿದರೆ ಅವರಿಗೆ ತೊಂದರೆ.

ಇನ್ನು ‘ಯಾವ ಕೆಲಸ ಆದ್ರೂ ಪರವಾಗಿಲ್ಲ’. ಇದು ವಿನಯದ ಮಾತು ಹೌದು, ಆದರೆ ಇದನ್ನಿಟ್ಟುಕೊಂಡು ಯಾರನ್ನೂ ಶಿಫಾರಸು ಮಾಡಲು ಆಗುವುದಿಲ್ಲ. ಏನು ಬೇಕು ಅಂತ ಕೇಳಬೇಡಿ, ಏನು ಮಾಡುತ್ತಿದ್ದಿರಿ ಅಂತ ಕೇಳಿ.

– ಹಿಂದಿನ ಕೆಲಸದಲ್ಲಿ ಬೆಳಿಗ್ಗೆ ಹೋಗಿ ಮೊದಲು ಏನು ಮಾಡ್ತಿದ್ರಿ?
– ಬಂದಿರೋ ಬಿಲ್‌ಗಳನ್ನ ಆರ್ಡರ್ ಜೊತೆ ತಾಳೆ ನೋಡ್ತಿದ್ದೆ. ತಪ್ಪಿದ್ರೆ ವಾಪಸ್ ಕಳಿಸೋದು, ಸರಿ ಇದ್ರೆ ಪೇಮೆಂಟ್‌ಗೆ ಹಾಕೋದು.
– ಎಷ್ಟು ಕಾಲ?
– ಎರಡು ವರ್ಷ.
– ಹಾಗಾದ್ರೆ ‘ಅಕೌಂಟ್ಸ್ ಪೇಯಬಲ್’ ಅಂತ ಹುಡುಕಿ. ಇದೇ ಕೆಲಸ ಅದು.

ಸಿವಿಯಲ್ಲಿ ‘ಲೆಕ್ಕಪತ್ರದ ಅನುಭವ’ ಅಂತ ಒಂದೇ ಸಾಲು ಇದ್ದಿರಬಹುದು. ಈಗ ಆ ಜಾಗಕ್ಕೆ ಅವರೇ ಹೇಳಿದ ಮಾತು ಬಂದರೆ ಸಾಕು.

ಮುಂದಿನ ಹಂತದಲ್ಲೇ ಜಾಸ್ತಿ ಜನ ಎಡವುವುದು. ನಿಮ್ಮ ಕಂಪನಿಯಲ್ಲೇ ಅಂಥ ಜಾಗ ಖಾಲಿ ಇದೆ ಅನ್ನಿ. ‘ನೀವು ಅರ್ಜಿ ಹಾಕಿ, ನಾನು ಹೇಳ್ತೀನಿ’ ಅನ್ನಬೇಡಿ. ಅರ್ಜಿ ಆಗಲೇ ಸೇರಿದ್ದರೆ ಎಷ್ಟೋ ಕಂಪನಿಗಳು ನೌಕರರ ರೆಫರಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ, ಅಲ್ಲಿಯವರೆಗೆ ಅವರನ್ನು ಕಾಯಲು ಹೇಳಿ. ಜಾಹೀರಾತಿನ ಜಾಬ್ ನಂಬರ್, ಸಿವಿ, ಜೊತೆಗೆ ನೀವು ಹಾಗೇ ಫಾರ್ವರ್ಡ್ ಮಾಡಬಹುದಾದ ಮೂರು ಸಾಲು ತರಿಸಿಕೊಳ್ಳಿ. ಆ ಸಾಲುಗಳು ಹೀಗಿರಲಿ: ‘ಎರಡು ವರ್ಷ ಬಿಲ್ ಪರಿಶೀಲನೆ ಮತ್ತು ಪೇಮೆಂಟ್ ಕೆಲಸ ಮಾಡಿದ್ದೇನೆ. ಮುಂದಿನ ವರ್ಷ ಜೂನ್‌ವರೆಗೆ ಪೂರ್ಣಾವಧಿ ಕೆಲಸಕ್ಕೆ ಅನುಮತಿ ಇದೆ, ಆಮೇಲೆ ವೀಸಾ ಪ್ರಾಯೋಜಕತ್ವ ಬೇಕಾಗಬಹುದು. ಎರಡು ವಾರದಲ್ಲಿ ಸೇರಬಲ್ಲೆ.’ ಅಲ್ಲಿನ ಭಾಷೆಯಲ್ಲಿ ಬರೆಯಲು ಅವರಿಗೆ ಕಷ್ಟವಾದರೆ ತಿದ್ದಿಕೊಡಿ. ನೀವೇ ಪೂರ್ತಿ ಬರೆದರೆ ಸಂದರ್ಶನದಲ್ಲಿ ಮಾತು ಬೇರೆ, ಬರಹ ಬೇರೆ ಆಗುತ್ತದೆ.

ಇಷ್ಟು ಹೊತ್ತಿಗೆ ಅಳುಕು ಸ್ವಲ್ಪ ಕರಗಿರುತ್ತದೆ. ಅಸಲಿ ವಿಷಯ ಎಷ್ಟೋ ಸಲ ಆಗಲೇ ಹೊರಬರುವುದು.

– ಸರ್, ಒಬ್ಬ ಏಜೆಂಟ್ ದುಡ್ಡು ಕಟ್ಟಿದ್ರೆ ನಾಳೆನೇ ಆಫರ್ ಲೆಟರ್ ಕೊಡ್ತೀನಿ ಅಂತಿದಾನೆ. ಕಟ್ಟಿಬಿಡಲಾ?
– ಕಟ್ಟಬೇಡಿ. ಸಂದರ್ಶನ ಆಯ್ತಾ?
– ಇಲ್ಲ.
– ಕಂಪನಿಯ ವೆಬ್‌ಸೈಟಲ್ಲಿ ಆ ಕೆಲಸ ಇದೆಯಾ?
– ನೋಡಿಲ್ಲ ಸರ್.

ಬೈಯಬೇಡಿ, ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ. ಸಂದರ್ಶನವೇ ಇಲ್ಲದ ಆಫರ್, ಕಂಪನಿಯ ಹೆಸರಿದ್ದರೂ ಯಾರು ಬೇಕಾದರೂ ತೆರೆಯಬಹುದಾದ ಉಚಿತ ಇ-ಮೇಲ್ ವಿಳಾಸ, ‘ಇವತ್ತೇ ಕಟ್ಟಿ’ ಅನ್ನುವ ಅವಸರ, ಇವು ಮೋಸದ ಗುರುತು. ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲು ಮಾಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆ ಹೇಳುತ್ತದೆ. ಅದು ಒಪ್ಪಿದ ದೇಶಗಳಿಗಷ್ಟೇ ಅನ್ವಯ, ಕೆಲವು ವಿನಾಯಿತಿಗಳೂ ಉಂಟು. ಹಾಗಾಗಿ ಅವರಿರುವ ದೇಶದ ಕಾರ್ಮಿಕ ಇಲಾಖೆಯ ನಿಯಮವನ್ನು ಜೊತೆಯಲ್ಲೇ ಕೂತು ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಅವರಿಂದಲೇ ಫೋನ್ ಮಾಡಿಸಿ.

ರೆಫರಲ್ ಕಳಿಸಿದ ದಿನವೇ ‘ಕಳಿಸಿದೆ, ಎರಡು ವಾರ ಆದಮೇಲೆ ನಾನೇ ಒಮ್ಮೆ ವಿಚಾರಿಸ್ತೀನಿ, ಅಷ್ಟರಲ್ಲಿ ಬೇರೆ ಕಡೆಯೂ ಅರ್ಜಿ ಹಾಕ್ತಿರಿ’ ಅಂತ ತಿಳಿಸಿಬಿಡಿ. ಇಲ್ಲದಿದ್ದರೆ ಮತ್ತೆ ‘ಹಲೋ ಸರ್’ ಬರುತ್ತಲೇ ಇರುತ್ತದೆ.