ಕಟಿಂಗ್‌ಗೂ ಹೊಲಿಗೆಗೂ ನಡುವೆ ಕಳೆದುಹೋಗುತ್ತಿದ್ದ ಒಂದು ದಿನ

ದಾವಣಗೆರೆಯ ಒಂದು ಗಾರ್ಮೆಂಟ್ ಘಟಕದಲ್ಲಿ ಪ್ಲಾನಿಂಗ್ ನನ್ನ ಕೆಲಸ. ಶಾಲಾ ಸಮವಸ್ತ್ರವೇ ನಮ್ಮ ಮುಖ್ಯ ಮಾಲು. ಜೂನ್‌ಗೆ ಶಾಲೆ ಶುರುವಾಗುವ ಮೊದಲೇ ಅಂಗಿ ಅಂಗಡಿ ಸೇರಬೇಕು. ಹತ್ತು ಆರ್ಡರ್‌ನಲ್ಲಿ ನಾಲ್ಕೋ ಐದೋ ಮಾತ್ರ ಹೇಳಿದ ದಿನಕ್ಕೆ ಹೋಗುತ್ತಿದ್ದ ಕಾಲದ ಮಾತಿದು.

ಕಟಿಂಗ್ ಮಾಸ್ಟರ್ "ಸೋಮವಾರವೇ ಕೊಟ್ಟೀವ್ರಿ" ಅನ್ನೋರು. ಹೊಲಿಗೆ ಸೂಪರ್‌ವೈಸರ್ ಮೇಡಂ "ಬುಧವಾರದವರೆಗೆ ಲೈನ್ ಖಾಲಿ ಕೂತೈತಿ, ಬಂದು ನೋಡ್ರಿ" ಅನ್ನೋರು. ಮ್ಯಾನೇಜ್‌ಮೆಂಟ್ ಮೊದಲು ಬೆಳಗಿನ ಮೀಟಿಂಗ್ ಇಟ್ಟಿತು. ಅಲ್ಲಿ ಹಳೇ ಜಗಳವೇ ನಿಂತುಕೊಂಡು ನಡೆಯಿತು. ಆಮೇಲೆ ವಾಟ್ಸಾಪ್ ಗುಂಪು ಬಂತು, ಇಬ್ಬರೂ ಫೋಟೋ ಹಾಕಿ ಸಾಕ್ಷಿ ಕೂಡಿಡತೊಡಗಿದರು. ಕೊನೆಗೆ ಕಟಿಂಗ್‌ನವರ ಇನ್ಸೆಂಟಿವ್ ತಡೆಹಿಡಿದರು. ಅದು ಎಲ್ಲಕ್ಕಿಂತ ಕೆಟ್ಟದ್ದಾಯಿತು. ದಿನದ ಪೀಸ್ ಲೆಕ್ಕ ತೋರಿಸೋಕೆ ಅವರು ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ದಪ್ಪ ಲೇ ಮಾಡಿ ಸುಲಭದ ಸೈಜ್‌ಗಳನ್ನೇ ಕತ್ತರಿಸಿದರು. ರ‍್ಯಾಕ್ ತುಂಬಿತು, ಲೈನ್‌ಗೆ ಬೇಕಾದ ಸೈಜ್ ಮಾತ್ರ ಬರಲಿಲ್ಲ.

ನಾನು ಇಬ್ಬರನ್ನೂ ಕೇಳೋದು ಬಿಟ್ಟು ಕತ್ತರಿಸಿದ ತುಂಡುಗಳ ಬಂಡಲ್‌ನ ಹಿಂದೆ ಬಿದ್ದೆ. ಸುಮಾರು ಆರು ಸಾವಿರ ಬಿಳಿ ಅಂಗಿಯ ಆರ್ಡರ್ ಅದು. ಕೆಲವು ಬಂಡಲ್‌ಗಳಿಗೆ ಒಂದು ರಟ್ಟಿನ ಚೀಟಿ ಕಟ್ಟಿ, ಕೈ ಬದಲಾದಾಗಲೆಲ್ಲ ಗಂಟೆ ಬರೆಯಲು ಹೇಳಿದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಬಟ್ಟೆ ಟೇಬಲ್ ಬಿಟ್ಟ ಕೂಡಲೇ ಕಟಿಂಗ್ ಪುಸ್ತಕದಲ್ಲಿ "ಕೊಟ್ಟಿದೆ". ಮುಂಭಾಗ, ಬೆನ್ನು, ತೋಳು, ಕಾಲರ್, ಬ್ಯಾಂಡ್, ಜೇಬು ಎಲ್ಲ ಕೂಡಿ ಮಷಿನ್ ಮುಂದೆ ಕೂತಾಗ ಮಾತ್ರ ಹೊಲಿಗೆ ಪುಸ್ತಕದಲ್ಲಿ "ಬಂದಿದೆ". ಈ ಎರಡರ ನಡುವೆ ತುಂಡುಗಳಿಗೆ ಅಂಕಿ ಹಾಕುವ ನಂಬರಿಂಗ್ ಮತ್ತು ಕಾಲರ್‌ಗೆ ಗಟ್ಟಿ ಪದರವನ್ನು ಬಿಸಿಯಲ್ಲಿ ಒತ್ತಿ ಅಂಟಿಸುವ ಫ್ಯೂಸಿಂಗ್ ಇದ್ದವು, ಅವುಗಳಿಗೆ ಯಜಮಾನರೇ ಇರಲಿಲ್ಲ. ಫ್ಯೂಸಿಂಗ್ ಮಷಿನ್ ಬಿಸಿಯಾಗೋಕೆ ಬೆಳಿಗ್ಗೆ ಅರ್ಧ ಗಂಟೆ ಬೇಕು, ಕರೆಂಟ್ ಹೋದರೆ ಮತ್ತೆ ಮೊದಲಿಂದ. ಬಿಡುವಿದ್ದವರು ಹೋಗಿ ಒತ್ತಿ ಬರುತ್ತಿದ್ದರು. ಹೆಚ್ಚುಕಡಿಮೆ ಒಂದು ದಿನ ಅಲ್ಲೇ ಹೋಗುತ್ತಿತ್ತು.

ಇನ್ನು ದುಡ್ಡು. ಮೂವತ್ತು ಮಷಿನ್‌ನ ಲೈನ್ ಎರಡು ಗಂಟೆ ಕೂತರೆ, ಒಂದು ಆಳಿಗೆ ಗಂಟೆಗೆ ಅರವತ್ತು ರೂಪಾಯಿಯಂತೆ ಹಿಡಿದರೂ 3,600 ಹೋಯಿತು. ಅದೇ ಕೆಲಸ ಸಂಜೆ ಓಟಿಯಲ್ಲಿ ಮಾಡಿಸಿದರೆ ಕಾನೂನಿನಂತೆ ದುಪ್ಪಟ್ಟು ಕೂಲಿ, ಇನ್ನೊಂದು 7,200. ಇದೆಲ್ಲ ಹೊಲಿಗೆ ವಿಭಾಗದ ಖರ್ಚಿಗೆ ಬೀಳುತ್ತಿತ್ತು. ಮೇಡಂ ಸಿಟ್ಟಾಗದೆ ಇನ್ನೇನು ಮಾಡಿಯಾರು? ಕಟಿಂಗ್‌ನವರಿಗೆ ಈ ಬಿಸಿ ತಟ್ಟುತ್ತಲೇ ಇರಲಿಲ್ಲ. ತಪ್ಪು ಒಪ್ಪಿದವರ ತಲೆಗೇ ಖರ್ಚು ಕಟ್ಟುವ ಪದ್ಧತಿಯಲ್ಲಿ ಯಾರೂ ಒಪ್ಪುವುದಿಲ್ಲ. ಕಾದದ್ದರಿಂದ ಬಂದ ಓಟಿಯನ್ನೆಲ್ಲ ಪ್ಲಾನಿಂಗ್ ಹೆಸರಿನ ಬೇರೆ ಖಾತೆಗೆ ಬರೆಯಿರಿ ಎಂದು ಅಕೌಂಟ್ಸ್‌ನವರನ್ನು ಒಪ್ಪಿಸಿದೆ. ಮಾಲೀಕರು "ನಿಮ್ಮ ತಲೆ ಮೇಲೆ ನೀವೇ ಕಲ್ಲು ಹಾಕ್ಕೊಳ್ತೀರಿ" ಅಂದರು. ಆದರೆ ಆ ವಾರದಿಂದಲೇ ಮಾಸ್ಟರ್ "ಕಾಲರ್ ನಾಳೆ ಮಧ್ಯಾಹ್ನ ಸಾರ್" ಎಂದು ಮುಂಚೆಯೇ ಹೇಳತೊಡಗಿದರು.

ಎರಡು ವಿಭಾಗಗಳ ನಡುವೆ ಒಂದು ಟೇಬಲ್ ಹಾಕಿಸಿ, ಪೂರ್ತಿ ಸೆಟ್ ಮಾತ್ರ ಅದರ ಮೇಲೆ ಅಂದೆ. ಒಂದು ಪಾರ್ಟ್ ಕಮ್ಮಿಯಿದ್ದರೂ ಇಡುವಂತಿಲ್ಲ. ಇಟ್ಟ ಮೇಲೆ ಇಬ್ಬರ ಸಹಿ, ಆ ಗಂಟೆಯೇ "ಕೊಟ್ಟ" ಗಂಟೆ. ಫ್ಯೂಸಿಂಗ್ ಕಟಿಂಗ್‌ನವರ ಪಾಲಿಗೆ ಬಂತು, ಬದಲಿಗೆ ಒಬ್ಬ ಹೆಲ್ಪರ್‌ನನ್ನು ಹೊಲಿಗೆಯಿಂದ ಅವರಿಗೆ ಕೊಡಿಸಿದೆ. ಬರೀ ಕೆಲಸ ದಾಟಿಸಿ ಆಳು ದಾಟಿಸದಿದ್ದರೆ ಮಾಸ್ಟರ್ ಒಪ್ಪುತ್ತಿರಲಿಲ್ಲ. ಟೇಬಲ್ ಮೇಲೆ ಒಂದೂವರೆ ದಿನದ ಮಾಲು ಆದರೆ ಹೊಸ ಲೇ ಹಾಸುವುದನ್ನು ನಿಲ್ಲಿಸಬೇಕು. ಯಾವ ಸೈಜ್ ಮೊದಲು ಕತ್ತರಿಸಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಬಣ್ಣದ ಚೀಟಿ ಪ್ರಯೋಗವನ್ನೂ ಮಾಡಿ ನೋಡಿದೆ, ಅರ್ಜೆಂಟ್‌ಗೆ ಕೆಂಪು. ಹತ್ತು ದಿನದೊಳಗೆ ಎಲ್ಲವೂ ಕೆಂಪಾದವು, ಬಿಟ್ಟೆ. ಫ್ಯೂಸಿಂಗ್ ಮಷಿನ್ ಬಳಿ ಕಾಲರ್ ತುಂಡೊಂದನ್ನು ಬೆಳಿಗ್ಗೆ ಒತ್ತಿ, ತೊಳೆದು, ಗುಳ್ಳೆ ಬರುತ್ತದಾ ನೋಡುವ ಅಭ್ಯಾಸ ಮಾತ್ರ ಉಳಿಯಿತು. ಮರುಕೆಲಸ ಎಷ್ಟೋ ತಪ್ಪಿದೆ.

ಟೇಬಲ್‌ನ ನಿಜವಾದ ಪರೀಕ್ಷೆ ದುಗ್ಗಮ್ಮನ ಜಾತ್ರೆಯ ವಾರ. ಹೊಲಿಗೆಯಲ್ಲಿ ಅರ್ಧ ಜನ ಇಲ್ಲ, ಟೇಬಲ್ ತುಂಬಿತು, ಕತ್ತರಿ ನಿಂತಿತು. "ಆಳು ಸುಮ್ನೆ ಕೂತಾರಲ್ರಿ" ಎಂದು ಮಾಲೀಕರು ಕೂಗಾಡಿದರು. ನಾನು ಬಗ್ಗಲಿಲ್ಲ. ಕಟಿಂಗ್‌ನವರನ್ನು ಥಾನು ಬಿಚ್ಚಿ ಶೇಡ್ ನೋಡುವುದಕ್ಕೂ ನಂಬರಿಂಗ್‌ಗೂ ಹಚ್ಚಿದೆ. ಮುಂದಿನ ವಾರ ಲೈನ್ ತುಂಬಿದಾಗ ಒಂದು ಬಂಡಲ್ಲೂ ವಾಪಸ್ ಹೋಗಲಿಲ್ಲ.

ಈಗ ಹತ್ತರಲ್ಲಿ ಎಂಟು, ಒಮ್ಮೊಮ್ಮೆ ಒಂಬತ್ತು ಆರ್ಡರ್ ಹೇಳಿದ ದಿನಕ್ಕೆ ಹೋಗುತ್ತವೆ. ಓಟಿ ಅರ್ಧಕ್ಕಿಂತ ಕೆಳಗಿದೆ. ಮಿಲ್‌ನಿಂದ ಬಟ್ಟೆಯೇ ತಡವಾದರೆ ಈ ಟೇಬಲ್ ಏನೂ ಮಾಡಲಾರದು, ಆಗ ಇಬ್ಬರೂ ಕೂಡಿ ನನ್ನನ್ನು ಬೈಯುತ್ತಾರೆ. ಈ ವರ್ಷ ಇದೇ ಸಹಿ ಪುಸ್ತಕವನ್ನು ಹೊಲಿಗೆಗೂ ಇಸ್ತ್ರಿಗೂ ನಡುವೆ ಇಡುತ್ತಿದ್ದೇನೆ. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಗುಂಡಿ ಹಾಕುವ ಮಷಿನ್ ಹತ್ತಿರ ಎಂಬ ಅನುಮಾನ, ಚೀಟಿ ಕಟ್ಟಲು ಶುರು ಮಾಡಿಯಾಗಿದೆ.