i ಘಾತ i ಲೆಕ್ಕ ಹಾಕಿದ್ದು ಹೀಗೆ

ವರ್ಗ ಮಾಡಿದರೆ -1 ಬರೋ ಸಂಖ್ಯೆ i. ಅದನ್ನು ಎರಡು ಸಲ, ಮೂರು ಸಲ ಗುಣಿಸೋದು ಗೊತ್ತು. ಆದರೆ i ಸಲ ಗುಣಿಸೋದು ಅಂದ್ರೆ ಏನು? ಹಾಗೆ ಕೇಳಿಕೊಂಡರೆ ದಾರಿ ಸಿಗೋದಿಲ್ಲ. ಅದಕ್ಕೆ ನಾನು ಗುಣಾಕಾರ ಬಿಟ್ಟು ಲಾಗ್ ಹಿಡಿದೆ. ಸಮ್ಮಿಶ್ರ ಸಂಖ್ಯೆಗಳಲ್ಲಿ ಘಾತದ ಅರ್ಥವೇ ಇದು:

```
z^w = e^(w · log z)
```

ಈಗ ಬೇಕಾಗಿರೋದು log i ಮಾತ್ರ. ಯಾವುದೇ ಸಂಖ್ಯೆಯ ಲಾಗ್‌ನಲ್ಲಿ ಎರಡು ಭಾಗ ಇರುತ್ತೆ: ಸೊನ್ನೆಯಿಂದ ಅದು ಇರುವ ದೂರದ ಮಾಮೂಲಿ ಲಾಗ್ ಅಂದ್ರೆ ln, ಜೊತೆಗೆ ಅದರ ಕೋನದ i ಪಟ್ಟು. ಹಾಳೆ ಮೇಲೆ i ಗುರುತು ಮಾಡಿ ನೋಡಿದೆ. ಸೊನ್ನೆಯಿಂದ ನೇರ ಮೇಲಕ್ಕೆ, 1 ದೂರದಲ್ಲಿ. ಕೋನ 90 ಡಿಗ್ರಿ, ಅಂದ್ರೆ π/2 ರೇಡಿಯನ್. 1ರ ಲಾಗ್ ಸೊನ್ನೆ, ಹಾಗಾಗಿ ಮೊದಲ ಭಾಗ ಉಳಿಯೋದೇ ಇಲ್ಲ.

```
log i = iπ/2
i · (iπ/2) = -π/2
i^i = e^(-π/2) ≈ 0.20788
```

ಇದನ್ನು i^i ನ "ಪ್ರಧಾನ" ಉತ್ತರ ಅಂತಾರೆ. ಪೈಥಾನ್‌ನಲ್ಲಿ `1j**1j` ಅಂತ ಹಾಕಿದರೂ ಇದೇ ಬರುತ್ತೆ. ಆಯ್ಲರ್ 1746ರಲ್ಲೇ ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿ ಈ ಬೆಲೆಯನ್ನು ತಿಳಿಸಿದ್ದರು.

ಎರಡು i ಸೇರಿ -1 ಆಯ್ತು, ಅದಕ್ಕೇ ಉತ್ತರ ವಾಸ್ತವ ಸಂಖ್ಯೆ ಅಂತ ಸುಮ್ನೆ ಒಪ್ಪಿಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ, ದೂರ 1 ಆಗಿರೋದು ಎಷ್ಟು ಮುಖ್ಯ ಅಂತ ನೋಡಬೇಕಿತ್ತು. ಹಾಗಾಗಿ ಘಾತವನ್ನು i ಆಗಿಯೇ ಬಿಟ್ಟು, ಕೆಳಗಿನ ಸಂಖ್ಯೆಯನ್ನು 2i ಮಾಡಿದೆ. ಕೋನ ಅದೇ, ದೂರ ಮಾತ್ರ 2. ಈಗ ಲಾಗ್‌ನಲ್ಲಿ ln 2 ಉಳಿಯುತ್ತೆ. ಅದನ್ನು i ಇಂದ ಗುಣಿಸಿದರೆ ಘಾತದೊಳಗೆ ಕಾಲ್ಪನಿಕ ಭಾಗ ಬಂದು ಕೂರುತ್ತೆ, ಉತ್ತರ ಸುಮಾರು 0.160 + 0.133i ಆಗುತ್ತೆ. ಘಾತದಲ್ಲಿರೋ i ಮಾಡೋ ಕೆಲಸ ಅದಲುಬದಲು: ಕೋನ ಹೋಗಿ ಅಳತೆ ಆಗುತ್ತೆ, ದೂರ ಹೋಗಿ ಕೋನ ಆಗುತ್ತೆ. i ವಿಷಯದಲ್ಲಿ ದೂರ 1, ಅದರ ಲಾಗ್ ಸೊನ್ನೆ, ಹಾಗಾಗಿ ಉತ್ತರದ ಕೋನವೂ ಸೊನ್ನೆ.

ಇನ್ನು "ಪ್ರಧಾನ" ಉತ್ತರ ಅನ್ನೋದು ಯಾಕೆ? i ಇರೋ ಜಾಗಕ್ಕೆ ಒಂದು ಪೂರ್ತಿ ಸುತ್ತು ಜಾಸ್ತಿ ಹಾಕಿಯೂ ಬರಬಹುದು ಅಲ್ವಾ, ಆಗ ಕೋನ 5π/2, ಉತ್ತರ ಸುಮಾರು 0.000388. ಹಿಂದಕ್ಕೆ ಸುತ್ತಿದರೆ ಕೋನ -3π/2, ಉತ್ತರ ಸುಮಾರು 111.3. ಹೀಗೆ ಕೊನೆಯಿಲ್ಲದಷ್ಟು ಉತ್ತರಗಳು, ಎಲ್ಲವೂ ವಾಸ್ತವ, ಯಾಕಂದ್ರೆ ಎಷ್ಟು ಸುತ್ತಿದರೂ ದೂರ 1 ಆಗಿಯೇ ಇರುತ್ತೆ. -π ಇಂದ π ಒಳಗಿನ ಕೋನ ತಗೊಂಡಾಗ ಸಿಗೋದನ್ನು ಪ್ರಧಾನ ಉತ್ತರ ಅಂತೀವಿ.

ಇಲ್ಲಿ ಶಾಲೆಯ ಒಂದು ನಿಯಮ ಕೈಕೊಡುತ್ತೆ. i^5 ಅಂದ್ರೆ i ತಾನೇ, ಹಾಗಾದರೆ (i^5)^i ಪ್ರಧಾನ ಬೆಲೆ 0.20788. ಆದರೆ ಘಾತಗಳನ್ನು ಗುಣಿಸಿ i^(5i) ಅಂತ ಬರೆದರೆ 0.000388 ಬರುತ್ತೆ. ಘಾತ ಸಮ್ಮಿಶ್ರವಾದಾಗ ನಾನು ಘಾತಗಳನ್ನು ಗುಣಿಸೋದಿಲ್ಲ, ಒಳಗಿನದನ್ನು ಮೊದಲು ಬಿಡಿಸಿ ಆಮೇಲೆ ಲಾಗ್ ತಗೊಳ್ತೀನಿ.