ಎಂಟು ಸ್ಲೈಡುಗಳಲ್ಲಿ ಆರನೆಯದನ್ನು ಮೊದಲು ಬರೆದೆ

ನಾನು ಗೋದಾಮಿನಿಂದ ಸರಕು ಕಳಿಸುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಾವ ಆರ್ಡರಿಗೆ ಎಷ್ಟು ತೂಕ, ಅದಕ್ಕೆ ಎಷ್ಟು ದೊಡ್ಡ ಗಾಡಿ ಬೇಕು ಅನ್ನೋ ಲೆಕ್ಕ ಎಕ್ಸೆಲ್ ಶೀಟಿನಲ್ಲಿ ನಡೆಯುತ್ತದೆ. ಒಂದು ದಿನ 40 ಪೆಟ್ಟಿಗೆಯ ಆರ್ಡರ್ ಬಂತು, ಶೀಟ್ 240 ಕೆಜಿ ಅಂತು, ಅದಕ್ಕೆ ತಕ್ಕ ಚಿಕ್ಕ ಗಾಡಿ ತರಿಸಿದೆ. ತೂಗಿದಾಗ 440 ಕೆಜಿ. ಗಾಡಿ ಅರ್ಧ ಸರಕು ಬಿಟ್ಟು ಹೋಯಿತು, ಉಳಿದದ್ದು ಮರುದಿನ.

ಕಾರಣ ಹುಡುಕಿದರೆ ಸಿಕ್ಕಿದ್ದು ಇಷ್ಟೇ. ಆ ವಸ್ತುವಿನ ಕೋಡ್ 103. ಅದು ಹೊಸದು, ತೂಕದ ಪಟ್ಟಿಗೆ ಇನ್ನೂ ಸೇರಿಸಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಶೀಟ್ "ಇಲ್ಲ" ಅನ್ನಬೇಕಿತ್ತು, ಎಕ್ಸೆಲ್ ಭಾಷೆಯಲ್ಲಿ #N/A. ಅದರ ಬದಲು ಸುಮ್ನೆ ಪಕ್ಕದ 102ರ ತೂಕ, ಅಂದರೆ 6 ಕೆಜಿ, ಕೊಟ್ಟಿತು. ನಿಜವಾದ ತೂಕ 11. ಸೂತ್ರದಲ್ಲಿ ಕೊನೆಯ ಒಂದು ಪದ ಬಿಟ್ಟು ಹೋಗಿತ್ತು, ಅಷ್ಟೇ.

ಈ ಪಾಠವನ್ನು ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ನಲ್ಲಿ ಒಂದೊಂದಾಗಿ ಸರಿಸಿ ನೋಡುವ ಸ್ಲೈಡ್ ಪೋಸ್ಟ್ ಮಾಡಬೇಕು ಅನಿಸಿತು. ಎರಡು ಸಲ ಮಾಡಿದೆ. ಮೊದಲನೆಯದು ಬಿದ್ದು ಹೋಯಿತು, ಎರಡನೆಯದು ಇವತ್ತಿಗೂ ಓಡಾಡುತ್ತಿದೆ. ವ್ಯತ್ಯಾಸ ಎಲ್ಲಿತ್ತು ಅಂತ ಬರೆಯುತ್ತೇನೆ.

ಮೊದಲ ಸಲ ಹನ್ನೆರಡು ಸ್ಲೈಡ್ ಮಾಡಿದ್ದೆ. ತಲೆಬರಹ "ಎಕ್ಸೆಲ್ ನನಗೆ ಕಲಿಸಿದ ದೊಡ್ಡ ಪಾಠ". ಮೊದಲ ಐದು ಸ್ಲೈಡುಗಳಲ್ಲಿ ಗಾಡಿ ಬಂದ ಕಥೆ, ಚಾಲಕ ಬೈದ ಕಥೆ, ನನ್ನ ಮುಜುಗರ. ಪರಿಹಾರ ಹತ್ತನೇ ಸ್ಲೈಡಿನಲ್ಲಿ. ಓದಿದವರು "ನಮಗೂ ಹೀಗಾಗಿದೆ" ಅಂತ ನಕ್ಕರು, ಲೈಕ್ ಒತ್ತಿದರು, ಮುಂದೆ ಹೋದರು. ಇನ್‌ಸ್ಟಾಗ್ರಾಂನ ಇನ್‌ಸೈಟ್ಸ್ ತೆರೆದರೆ ಸೇವ್ ಎಷ್ಟು, ಶೇರ್ ಎಷ್ಟು ಅಂತ ಬೇರೆ ಬೇರೆ ಕಾಣುತ್ತದೆ. ಅಲ್ಲಿ ಸೇವ್ ಎರಡು. ಅದರಲ್ಲಿ ಒಂದು ನನ್ನದೇ.

ಆಮೇಲೆ ನನ್ನ ಫೋನಿನಲ್ಲಿ ನಾನೇ ಸೇವ್ ಮಾಡಿಟ್ಟ ಪೋಸ್ಟುಗಳನ್ನು ತೆರೆದು ಕೂತೆ. ಅವುಗಳಲ್ಲಿ ಕಥೆ ಚೆನ್ನಾಗಿತ್ತು ಅಂತ ಇಟ್ಟುಕೊಂಡದ್ದು ಒಂದೂ ಇರಲಿಲ್ಲ. ಎಲ್ಲವೂ "ಇದು ಮುಂದೆ ಬೇಕಾಗುತ್ತೆ, ಆಗ ನೆನಪಿರಲ್ಲ" ಅನ್ನೋ ಕಾರಣಕ್ಕೆ ಇಟ್ಟುಕೊಂಡವು, ಮತ್ತು ಪ್ರತಿಯೊಂದರಲ್ಲೂ ನನಗೆ ಬೇಕಿದ್ದದ್ದು ಒಂದೇ ಒಂದು ಸ್ಲೈಡ್. ನಾನು ಬೇರೆಯವರಿಗೆ ಕಳಿಸಿದ ಪೋಸ್ಟುಗಳನ್ನು ನೋಡಿದರೆ ಅವು ಬೇರೆ ಥರ. ಅಲ್ಲಿ "ನೋಡು, ನಮ್ಮಲ್ಲೂ ಹೀಗೇ ಇರಬಹುದು" ಅನ್ನಿಸುವ ಸ್ಲೈಡ್ ಇತ್ತು. ಸೇವ್ ಮಾಡಿಸುವುದು ಪರಿಹಾರದ ಸ್ಲೈಡ್, ಶೇರ್ ಮಾಡಿಸುವುದು ತೊಂದರೆಯ ಸ್ಲೈಡ್. ನಾನು ಇವೆರಡನ್ನೂ ಕಥೆಯ ಒಳಗೆ ಹೂತುಬಿಟ್ಟಿದ್ದೆ.

ಹಾಗಾಗಿ ಎರಡನೇ ಸಲ ಹಿಂದಿನಿಂದ ಶುರು ಮಾಡಿದೆ. ಡಿಸೈನ್ ಆ್ಯಪ್ ತೆರೆಯಲೇ ಇಲ್ಲ. ಹಾಳೆಯ ಮೇಲೆ ಮೊದಲು ಬರೆದದ್ದು ಪರಿಹಾರದ ಸ್ಲೈಡ್, ಅಂದರೆ ಈಗಿನ ಆರನೆಯದು. ಅದರಲ್ಲಿ ಇದ್ದದ್ದು ಕೋಡ್ ಕೊಟ್ಟರೆ ಪಟ್ಟಿಯಿಂದ ತೂಕ ಹುಡುಕಿ ಕೊಡುವ ಸೂತ್ರದ ಎರಡೇ ಸಾಲು, ಮೇಲೆ ತಪ್ಪು, ಕೆಳಗೆ ಸರಿ:

```
=VLOOKUP(A2,F$2:G$200,2)
=VLOOKUP(A2,F$2:G$200,2,FALSE)
```

ಆ FALSE ಹಾಕದಿದ್ದರೆ ಎಕ್ಸೆಲ್ "ಸರಿಯಾಗಿ ಅದೇ ಬೇಕಿಲ್ಲ, ಹತ್ತಿರದ್ದಾದರೂ ಸಾಕು" ಅಂತ ಅಂದುಕೊಳ್ಳುತ್ತದೆ. ಕೋಡುಗಳು ಏರಿಕೆಯ ಕ್ರಮದಲ್ಲಿ ಇದ್ದಾಗ, ಕೇಳಿದ ಕೋಡ್ ಇಲ್ಲದಿದ್ದರೆ ಅದಕ್ಕಿಂತ ಚಿಕ್ಕದರಲ್ಲಿ ದೊಡ್ಡದನ್ನು ಹಿಡಿಯುತ್ತದೆ. 103 ಇಲ್ಲ, ಹಾಗಾಗಿ 102. ಕ್ರಮದಲ್ಲಿ ಇಲ್ಲದಿದ್ದರಂತೂ ಪಟ್ಟಿಯಲ್ಲಿ ಇರುವ ಕೋಡಿಗೂ ತಪ್ಪು ಉತ್ತರ ಬರಬಹುದು. ಇದಿಷ್ಟು ನಾಲ್ಕನೇ ಸ್ಲೈಡಿಗೆ ಹೋಯಿತು.

ಆಮೇಲೆ ಆರನೆಯದರಿಂದ ಹಿಂದೆ ಹಿಂದೆ ಹೋದೆ. ಈ ಸ್ಲೈಡ್ ಅರ್ಥವಾಗಲು ಅದರ ಮೊದಲು ಏನು ಗೊತ್ತಿರಬೇಕು? ನನ್ನ ಶೀಟಿನಲ್ಲಿ ಈ ತೊಂದರೆ ಇದೆಯಾ ಅಂತ ಗೊತ್ತಿರಬೇಕು, ಅದು ಐದು. ಯಾಕೆ ಹೀಗಾಗುತ್ತೆ, ಅದು ನಾಲ್ಕು. ಇದರಿಂದ ಏನು ನಷ್ಟ, ಅದು ಮೂರು. ಮೊದಲ ಸಲದ ಐದು ಸ್ಲೈಡಿನ ಕಥೆ ಈಗ ಮೂರನೆಯದರಲ್ಲಿ ಎರಡು ಸಾಲಾಯಿತು: "ಶೀಟ್ 240 ಕೆಜಿ ಅಂತು. ಗಾಡಿ ಬಂದ ಮೇಲೆ ತೂಗಿದರೆ 440." ಚಾಲಕ ಬೈದದ್ದನ್ನು ತೆಗೆಯಲು ನಿಜವಾಗಿ ಬೇಜಾರಾಯಿತು, ಚೆನ್ನಾಗಿ ಬೈದಿದ್ದ.

ಎರಡನೇ ಸ್ಲೈಡಿಗೆ ಜಾಸ್ತಿ ಹೊತ್ತು ಹಿಡಿಯಿತು. ಮೊದಲ ಸ್ಲೈಡ್ ನೋಡಿ ಪಕ್ಕಕ್ಕೆ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಇನ್ನೊಮ್ಮೆ ತೋರಿಸುವಾಗ ಎರಡನೇ ಸ್ಲೈಡಿನಿಂದ ತೋರಿಸುವುದುಂಟು. ಹಾಗಾಗಿ "ಹಾಗಾದರೆ ಏನಾಯಿತು? ಮುಂದೆ ನೋಡಿ" ಅನ್ನುವಂಥ ಸ್ಲೈಡ್ ಅಲ್ಲಿ ಇಟ್ಟರೆ ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ನಾನು ಅಲ್ಲಿ ಒಂದು ಪುಟ್ಟ ಕೋಷ್ಟಕ ಇಟ್ಟೆ. ಮೂರು ಸಾಲು: 101ಕ್ಕೆ 4, 102ಕ್ಕೆ 6, 104ಕ್ಕೆ 15. ಕೆಳಗೆ "103 ಎಷ್ಟು?" ಅನ್ನೋ ಪ್ರಶ್ನೆ, ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಶೀಟ್ ಕೊಟ್ಟ ಉತ್ತರ 6. ಒಂದು ವಾಕ್ಯವೂ ಓದದೆ ತಪ್ಪು ಕಣ್ಣಿಗೆ ಬೀಳುತ್ತದೆ. ಕಳಿಸುವವರು ಕಳಿಸುವುದು ಇದನ್ನು ನೋಡಿಯೇ.

ಈ ಕೋಷ್ಟಕ ಹೊಸದಾಗಿ ಮಾಡಿದ್ದು. ಮೊದಲ ಸಲ ಆಫೀಸಿನ ಶೀಟಿನ ಸ್ಕ್ರೀನ್‌ಶಾಟನ್ನೇ ಹಾಕಿದ್ದೆ, ಮೂಲೆಯಲ್ಲಿ ಒಬ್ಬ ಗ್ರಾಹಕರ ಹೆಸರು ಕಾಣುತ್ತಿತ್ತು. ಮ್ಯಾನೇಜರ್ ಫೋನ್ ಮಾಡಿ "ಇದನ್ನ ಈಗಲೇ ತೆಗೀರಿ" ಅಂದರು. ಹೆಸರು ಮಸುಕು ಮಾಡಿದರೂ ಉಳಿದ ಕಾಲಂಗಳಿಂದ ಯಾರದ್ದು ಅಂತ ಗೊತ್ತಾಗುತ್ತದೆ. ಅದಕ್ಕಿಂತ ಮೂರು ಸಾಲಿನ ಸುಳ್ಳು ಶೀಟ್ ಮಾಡುವುದು ಸುಲಭ, ಮತ್ತು ಫೋನಿನಲ್ಲಿ ಓದಲು ಬರುವುದೂ ಅದೇ.

ಓದಲು ಬರುವುದು ಅಂದೆ ಅಲ್ವಾ, ಅದರ ಅಳತೆ ಹೇಳುತ್ತೇನೆ. ಸ್ಲೈಡ್ 1080 ಪಿಕ್ಸೆಲ್ ಅಗಲ, 1350 ಎತ್ತರ. ಕಂಪ್ಯೂಟರಿನಲ್ಲಿ ಮಾಡುವಾಗ ದೊಡ್ಡದಾಗಿ ಕಾಣುತ್ತದೆ, ಫೋನಿನಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅದಕ್ಕೆ 40ಕ್ಕಿಂತ ಚಿಕ್ಕ ಅಕ್ಷರ ನಾನು ಎಲ್ಲೂ ಬಳಸುವುದಿಲ್ಲ. ಒಂದು ಸ್ಲೈಡಿಗೆ ಕನ್ನಡದ ಇಪ್ಪತ್ತು ಪದ ಆದರೆ ಸಾಕು ಅಂತಲೇ ನನ್ನ ಲೆಕ್ಕ, ನಮ್ಮ ಪದಗಳು ಉದ್ದ. ಇನ್ನೊಂದು, ಇಂಗ್ಲಿಷಿಗೆ ಇಡುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು 1.5 ಇಡುತ್ತೇನೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ಬೇರೆ ಹುಡುಕುತ್ತಾ ಕೂತಿಲ್ಲ.

ಎಲ್ಲಾ ಆದ ಮೇಲೆ ಪೋಸ್ಟ್ ಮಾಡುವ ಮೊದಲು, ಸಹೋದ್ಯೋಗಿಯೊಬ್ಬರಿಗೆ ಪಿಡಿಎಫ್ ಕಳಿಸಿದೆ. "ಹೇಗಿದೆ?" ಅಂತ ಕೇಳಲಿಲ್ಲ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುವುದು. "ಮೇಡಂ, ಇದನ್ನು ನೋಡಿಕೊಂಡು ನಿಮ್ಮ ಶೀಟ್ ಪರೀಕ್ಷೆ ಮಾಡಿ, ನಾನು ಏನೂ ಹೇಳಿಕೊಡಲ್ಲ" ಅಂದೆ. ಐದನೇ ಸ್ಲೈಡಿನಲ್ಲಿ ನಾನು ಬರೆದಿದ್ದದ್ದು: "ಪಟ್ಟಿಯಲ್ಲಿ ಇಲ್ಲದ ಒಂದು ಕೋಡ್ ಹಾಕಿ. #N/A ಬಂದರೆ ಸರಿ ಇದೆ."

ಅವರು 1 ಅಂತ ಹಾಕಿದರು. #N/A ಬಂತು. "ನಂದು ಸರಿಯಾಗಿದೆ ಬಿಡಿ" ಅಂದರು.

ಅವರ ಸೂತ್ರ ನೋಡಿದರೆ FALSE ಇರಲಿಲ್ಲ! ಆಗ ಹೊಳೆಯಿತು. ಹತ್ತಿರದ್ದನ್ನು ಹಿಡಿಯುವ ಸೂತ್ರಕ್ಕೂ ಪಟ್ಟಿಯ ಎಲ್ಲ ಕೋಡಿಗಿಂತ ಚಿಕ್ಕದನ್ನು ಕೊಟ್ಟರೆ ಕೆಳಗೆ ಹಿಡಿಯಲು ಏನೂ ಇರುವುದಿಲ್ಲ, ಹಾಗಾಗಿ ಅದೂ #N/A ಅನ್ನುತ್ತದೆ. ನನ್ನ ಪರೀಕ್ಷೆಯೇ ತಪ್ಪು. ಅದನ್ನು ಹಾಗೇ ಹಾಕಿದ್ದರೆ ಎಷ್ಟು ಜನ ತಪ್ಪು ಶೀಟ್ ಇಟ್ಟುಕೊಂಡು ನಿರಾಳವಾಗಿ ಇರುತ್ತಿದ್ದರೋ. ಐದನೆಯದನ್ನು ಬದಲಿಸಿದೆ: "ಪಟ್ಟಿಯ ಅತಿ ದೊಡ್ಡ ಕೋಡಿಗಿಂತ ದೊಡ್ಡ ಸಂಖ್ಯೆ ಹಾಕಿ. #N/A ಬಂದರೆ ಸರಿ. ತೂಕ ಬಂದರೆ ಮುಂದಿನ ಸ್ಲೈಡ್ ನೋಡಿ." ಅವರು ಮತ್ತೆ ಮಾಡಿದರು, ಪಟ್ಟಿಯ ಕೊನೆಯ ಸಾಲಿನ ತೂಕ ಬಂತು. ಆರನೆಯದರಲ್ಲಿ "ಏನು ಬದಲಾಗಿದೆ, ಎರಡೂ ಒಂದೇ ಥರ ಇದೆಯಲ್ಲ" ಅಂದರು, ಅದಕ್ಕೆ `,FALSE` ಮಾತ್ರ ಹಸಿರು ಮಾಡಿ ಉಳಿದದ್ದನ್ನು ಬೂದು ಬಣ್ಣ ಮಾಡಿದೆ.

ಈ ಪರೀಕ್ಷೆಯನ್ನು ಪೋಸ್ಟ್ ಮಾಡುವ ಮೊದಲೇ ಮಾಡಬೇಕು, ಯಾಕಂದರೆ ಲಿಂಕ್ಡ್‌ಇನ್‌ನಲ್ಲಿ ಪಿಡಿಎಫ್ ಏರಿಸಿದ ಮೇಲೆ ಜೊತೆಗಿನ ಬರಹ ತಿದ್ದಬಹುದು, ಪಿಡಿಎಫ್ ಬದಲಿಸಲು ಬರುವುದಿಲ್ಲ. ಅಳಿಸಿ ಮತ್ತೆ ಹಾಕಿದರೆ ಮೊದಲು ಸೇವ್ ಮಾಡಿಕೊಂಡವರ ಬಳಿಯಿಂದ ಅದು ಮಾಯವಾಗುತ್ತದೆ.

ಏಳನೇ ಸ್ಲೈಡ್ ಬೇಕಾ ಬೇಡವಾ ಅಂತ ಯೋಚಿಸಿದ್ದೆ. FALSE ಹಾಕಿದ ತಕ್ಷಣ ಶೀಟಿನಲ್ಲಿ ಅಲ್ಲಲ್ಲಿ #N/A ಏಳುತ್ತವೆ, ಜನ ಹೆದರಿ ವಾಪಸ್ ತೆಗೆಯುತ್ತಾರೆ, ಇಲ್ಲವೇ `IFERROR` ಹಾಕಿ ಅದನ್ನು 0 ಮಾಡಿಬಿಡುತ್ತಾರೆ. ಆಗ 103ರ ತೂಕ 6 ಹೋಗಿ ಸೊನ್ನೆಯಾಗುತ್ತದೆ, ಇನ್ನೂ ಕೆಟ್ಟದು. ಅದಕ್ಕೆ ಏಳನೆಯದನ್ನು ಇಟ್ಟೆ: "ಈಗ #N/A ಕಾಣುತ್ತಿದೆಯಾ? ಶೀಟ್ ಕೆಟ್ಟಿಲ್ಲ. ಆ ಕೋಡ್ ಪಟ್ಟಿಗೆ ಸೇರಿಸಿ."

ಇನ್ನೂ ಹೇಳುವುದಿತ್ತು. ಕೋಡ್ ಒಂದು ಕಡೆ ಸಂಖ್ಯೆಯಾಗಿ, ಇನ್ನೊಂದು ಕಡೆ ಪಠ್ಯವಾಗಿ ಇದ್ದರೆ ಇರುವ ಕೋಡಿಗೂ #N/A ಬರುತ್ತದೆ. ಅಂಕಕ್ಕೆ ಗ್ರೇಡ್ ಕೊಡುವಂಥ ಶ್ರೇಣಿಯ ಪಟ್ಟಿಗೆ FALSE ಹಾಕಲೇಬಾರದು, ಅಲ್ಲಿ ಹತ್ತಿರದ್ದೇ ಬೇಕು. ಹೊಸ ಎಕ್ಸೆಲ್‌ನಲ್ಲಿ `XLOOKUP` ಇದೆ, ಅದು ತಾನಾಗಿಯೇ ಸರಿಯಾದದ್ದನ್ನು ಮಾತ್ರ ಹುಡುಕುತ್ತದೆ. ಇವನ್ನೆಲ್ಲ ಸ್ಲೈಡಿಗೆ ತುರುಕಿದರೆ ಮತ್ತೆ ಹನ್ನೆರಡಾಗುತ್ತಿತ್ತು. ಮೂರನ್ನೂ ಪೋಸ್ಟಿನ ಜೊತೆಗಿನ ಬರಹಕ್ಕೆ ಹಾಕಿದೆ. ಸೂತ್ರವನ್ನೂ ಅಲ್ಲಿ ಟೈಪ್ ಮಾಡಿಟ್ಟೆ, ಚಿತ್ರದೊಳಗಿನ ಸೂತ್ರವನ್ನು ನಕಲು ಮಾಡಿ ಅಂಟಿಸುವುದು ಕಷ್ಟ ಅಲ್ವಾ.

ಮೊದಲ ಸ್ಲೈಡಿನ ತಲೆಬರಹ ಬರೆದದ್ದು ಎಲ್ಲಕ್ಕಿಂತ ಕೊನೆಗೆ, ಹತ್ತು ನಿಮಿಷದಲ್ಲಿ. "ನಿಮ್ಮ ಶೀಟಿನಲ್ಲಿ ಒಂದೂ #N/A ಬರಲ್ವಾ? ಹಾಗಾದ್ರೆ ಒಮ್ಮೆ ಪರೀಕ್ಷಿಸಿ." ಐದನೇ ಸ್ಲೈಡ್ ಸರಿಯಾದ ಮೇಲೆ ಅದು ತಾನಾಗಿಯೇ ಬಂತು.

ಎರಡು ತಿಂಗಳಾದ ಮೇಲೆ ನನಗೆ ಪರಿಚಯವೇ ಇಲ್ಲದ ಗುಂಪೊಂದರಲ್ಲಿ ಯಾರೋ ಆರನೇ ಸ್ಲೈಡಿನ ಸ್ಕ್ರೀನ್‌ಶಾಟ್ ಹಾಕಿದ್ದರು. ಗೆಳೆಯನೊಬ್ಬ ಅದನ್ನು ನನಗೇ ಕಳಿಸಿ "ಇದು ನಿಂಗೆ ಉಪಯೋಗ ಆಗುತ್ತೆ ನೋಡೋ" ಅಂದ. ನನ್ನ ಹೆಸರು ಇದ್ದದ್ದು ಎಂಟನೇ ಸ್ಲೈಡಿನಲ್ಲಿ ಮಾತ್ರ. ಈಗ ಪರಿಹಾರದ ಸ್ಲೈಡಿನ ಕೆಳಗೂ ಚಿಕ್ಕದಾಗಿ ಹಾಕುತ್ತೇನೆ, ಅಂಚಿನಿಂದ ನೂರು ಪಿಕ್ಸೆಲ್ ಒಳಗೆ.